‘ಮಾಡಿಸೋದು’ ಅನ್ನುವಲ್ಲೇ ತೊಡಕು

“ನಮ್ಮ ಕಂಪನಿ ಪೋಸ್ಟನ್ನ ಸ್ಟಾಫ್ ಯಾರೂ ಶೇರ್ ಮಾಡಲ್ಲ. ಒತ್ತಾಯ ಮಾಡದೆ ಮಾಡಿಸೋದು ಹೇಗೆ?”

‘ಮಾಡಿಸೋದು’ ಎಂಬ ಕ್ರಿಯಾಪದ ಬಂದ ಮೇಲೆ ಒತ್ತಾಯವೂ ಬಂದೇ ಬರುತ್ತದೆ. ಬೆಳಗ್ಗೆ ಹತ್ತಕ್ಕೆ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ “ಎಲ್ಲರೂ ಶೇರ್ ಮಾಡಿ, ಸ್ಕ್ರೀನ್‌ಶಾಟ್ ಕಳಿಸಿ” ಎಂದು ಮ್ಯಾನೇಜರ್ ಬರೆದರೆ ಅದು ವಿನಂತಿಯಲ್ಲ. ಸಂಬಳ ಏರಿಸುವವರೇ ಕೇಳುತ್ತಿದ್ದಾರೆ, ಇಲ್ಲ ಎನ್ನುವುದು ಹೇಗೆ? ಒಂದೇ ಗಂಟೆಯಲ್ಲಿ ಇಪ್ಪತ್ತು ಜನ ಒಂದೇ ವಾಕ್ಯ ಹಾಕುತ್ತಾರೆ. ಆ ಪೋಸ್ಟ್‌ಗಳ ಕೆಳಗಿನ ಕಾಮೆಂಟ್ ನೋಡಿ: ಬರೀ ಸಹೋದ್ಯೋಗಿಗಳೇ ಇದ್ದರೆ ಪೋಸ್ಟ್ ಕಚೇರಿಯ ಬಾಗಿಲು ದಾಟಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ: ಈ ಸುದ್ದಿಯಲ್ಲಿ ಯಾರ ಕೈಕೆಲಸವಿದೆ, ಅವರು ಅದನ್ನು ಗೆಳೆಯರಿಗೆ ಹೇಗೆ ಹೇಳುತ್ತಾರೆ?

ಒಂದು ಪಂಪ್ ಕಾರ್ಖಾನೆ ಎಂದುಕೊಳ್ಳಿ. ಮೋಟರ್ ಪರೀಕ್ಷೆಯ ಸಮಯ 40 ನಿಮಿಷದಿಂದ 25ಕ್ಕೆ ಇಳಿದಿದೆ. ಕಂಪನಿ ಪುಟ “ಹೆಮ್ಮೆಯಿಂದ ತಿಳಿಸುತ್ತಿದ್ದೇವೆ” ಎಂದು ಬರೆಯುತ್ತದೆ. ಪರೀಕ್ಷಾ ವಿಭಾಗದ ಹುಡುಗಿಯ ಮಾತು ಹೀಗಿರುತ್ತದೆ: “ವೈರ್ ಜೋಡಿಸೋದಕ್ಕೇ ಕಾಲು ಗಂಟೆ ಹೋಗ್ತಿತ್ತು. ಸ್ಕ್ರೂ ತೆಗೆದು ಒತ್ತಿ ಕೂರಿಸೋ ಕ್ಲಿಪ್ ಹಾಕಿದ್ವಿ.” ಅದೇ ಕೆಲಸದ ಇನ್ನೊಬ್ಬರು ನಿಂತು ಓದುವುದು ಇದನ್ನು.

ಆದ್ದರಿಂದ ಇಡೀ ಕಚೇರಿಯನ್ನು ಕೇಳುವುದು ಬಿಡಿ, ಆ ಕೆಲಸ ಮಾಡಿದ ಮೂವರನ್ನು ಇದರ ಬಗ್ಗೆ ಬರೆಯುತ್ತೀರಾ ಎಂದು ಒಬ್ಬೊಬ್ಬರಾಗಿ ಕೇಳಿ. ಕೇಳುವವರು ಅವರ ಮೇಲಧಿಕಾರಿ ಆಗಿರಬಾರದು. ಸಿದ್ಧ ವಾಕ್ಯ ಕೊಡಬೇಡಿ. ಎರಡು ಫೋಟೊ, ಸರಿಯಾದ ಅಂಕಿ, ಯಾವ ದಿನದಿಂದ ಹೇಳಬಹುದು ಎಂಬ ತಾರೀಕು, ಹೇಳಬಾರದ ಸಂಗತಿ (ಗ್ರಾಹಕರ ಹೆಸರು, ಬೆಲೆ) ಇಷ್ಟು ಕೊಡಿ. ಹೆಚ್ಚಿನವರು ಸುಮ್ಮನಿರುವುದು ಸೋಮಾರಿತನದಿಂದಲ್ಲ, ಏನು ಬರೆದರೆ ತಪ್ಪಾದೀತೋ ಎಂಬ ಅಳುಕಿನಿಂದ. ಅನುಮಾನ ಬಂದರೆ ಕೇಳಲು ಒಬ್ಬರನ್ನು ಗೊತ್ತುಮಾಡಿ, ಅವರು ಅದೇ ದಿನ ಉತ್ತರಿಸಲಿ. ಭಾಷೆ ತಿದ್ದಬಾರದು, ತಪ್ಪು ಅಂಕಿ ಮಾತ್ರ ತಿದ್ದಬೇಕು.

ಲಿಂಕ್ಡ್‌ಇನ್‌ನಲ್ಲಿ ಬರೀ Repost ಒತ್ತಿದರೆ ಕಾಣುವುದು ಕಂಪನಿಯ ಮಾತೇ. Repost with your thoughts ಒತ್ತಿದರೆ ಅವರದೂ ನಾಲ್ಕು ಸಾಲು ಸೇರುತ್ತದೆ. ನನ್ನ ಮಟ್ಟಿಗೆ ದಿಕ್ಕು ತಿರುಗಿಸುವುದೇ ಒಳ್ಳೆಯದು: ಮೊದಲು ನೌಕರರು ತಮ್ಮದೇ ಪೋಸ್ಟ್ ಬರೆಯಲಿ, ಅವರ ಒಪ್ಪಿಗೆ ಪಡೆದು ಕಂಪನಿ ಪುಟ ಅದನ್ನು ಹಂಚಲಿ. ನಾಳೆ ಅವರು ಅಳಿಸಿದರೆ ಅದು ಅವರ ಹಕ್ಕು.

ಶೇರ್‌ಗೆ ಗಿಫ್ಟ್ ವೋಚರ್ ಬೇಡ. ವೋಚರ್ ಎಣಿಕೆಗೆ ಸಿಗುವುದರಿಂದ ಜನ ಎಣಿಕೆಗೇ ಬರೆಯುತ್ತಾರೆ. ವೋಚರ್ ಇಲ್ಲದಿದ್ದರೂ ಒಂದು ಎಚ್ಚರ ಬೇಕು: ಜಾಹೀರಾತು ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲಿ ತಂದ ಇನ್‌ಫ್ಲುಯೆನ್ಸರ್ ಮಾರ್ಗಸೂಚಿ ಉದ್ಯೋಗ ಸಂಬಂಧವನ್ನೂ ನೋಡುಗರಿಗೆ ತಿಳಿಸಬೇಕಾದ ನಂಟುಗಳಲ್ಲಿ ಸೇರಿಸಿದೆ. ಲಿಂಕ್ಡ್‌ಇನ್ ಪ್ರೊಫೈಲ್‌ನಲ್ಲಿ ಕಂಪನಿ ಹೆಸರು ಸಾಮಾನ್ಯವಾಗಿ ಕಾಣುತ್ತದೆ, ಇನ್‌ಸ್ಟಾಗ್ರಾಮ್‌ನಲ್ಲಿ ಹಾಗಲ್ಲ. ಅಲ್ಲಿ ಕಂಪನಿಯ ಪಂಪನ್ನು ಹೊಗಳುವಾಗ “ನಾನು ಇಲ್ಲೇ ಕೆಲಸ ಮಾಡ್ತೀನಿ” ಎಂದು ಮೊದಲ ಸಾಲಲ್ಲೇ ಬರೆಯಲು ತಿಳಿಸಿ.

ಮೂವರಲ್ಲಿ ಇಬ್ಬರು ಬೇಡ ಎಂದರೆ ಅಲ್ಲಿಗೇ ಬಿಡಿ, ಕಾರಣ ಕೇಳಬೇಡಿ, ಹೆಸರು ಬರೆದಿಡಬೇಡಿ. ಮೂವರೂ ಬೇಡ ಎಂದರೆ ಸುದ್ದಿಯನ್ನೇ ಇನ್ನೊಮ್ಮೆ ಓದಿ ನೋಡಿ.