ಎರಡು ಸರಿ, ಒಂದು ತಪ್ಪು: ಅಂದಾಜು ಏರಿದ್ದಕ್ಕಿಂತ ಜಾಸ್ತಿ ಯಾಕೆ ಇಳಿಯಿತು

ಮಗುವಿನ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಆರಿಸುವ ಒಂದು ಭಿನ್ನರಾಶಿ ಕ್ವಿಜ್ ಪ್ರೋಗ್ರಾಂ ಬರೆಯುತ್ತಿದ್ದೆ, ಅದು ಈ ವಾರ ಕೊನೆಗೂ ಸರಿಯಾಗಿ ಓಡಲು ಶುರುವಾಗಿದೆ. ಮೊದಲು ಕೂರಿಸಿದ್ದು ಎಂಟನೇ ಕ್ಲಾಸಿನ ಅಕ್ಕನ ಮಗಳನ್ನು. ಮೂರು ಪ್ರಶ್ನೆ ಆಗುವಷ್ಟರಲ್ಲಿ ಅವಳು ಕೇಳಿದಳು, "ಮಾಮ, ಇದ್ರಲ್ಲಿ ನೆಗೆಟಿವ್ ಮಾರ್ಕ್ ಇದ್ಯಾ?"

ಇಲ್ಲ. ಆದರೆ ಅವಳಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಪರದೆಯ ಮೂಲೆಯಲ್ಲಿ ಅವಳ ಸಾಮರ್ಥ್ಯದ ಅಂದಾಜು ಕಾಣುವ ಹಾಗೆ ಮಾಡಿದ್ದೆ. ಅದು 0ರಿಂದ ಶುರುವಾಗಿ, ಮೊದಲ ಉತ್ತರ ಸರಿಯಾದಾಗ 0.27ಕ್ಕೆ ಹೋಯಿತು, ಎರಡನೆಯದೂ ಸರಿಯಾಗಿ 0.52 ಆಯಿತು, ಮೂರನೆಯದು ತಪ್ಪಾಗಿದ್ದೇ ತಡ 0.17ಕ್ಕೆ ಬಿತ್ತು. ಎರಡು ಸರಿ ಉತ್ತರದಿಂದ ಬಂದಿದ್ದರಲ್ಲಿ ಮೂರನೇ ಎರಡು ಪಾಲು ಒಂದೇ ತಪ್ಪಿಗೆ ಹೋಯಿತು, ಅಲ್ವಾ? ಕೋಡಿನಲ್ಲಿ ಏನೋ ಎಡವಟ್ಟಾಗಿದೆ ಅಂತ ನನಗೂ ಅನ್ನಿಸಿತು. ಕಾಗದ ತೆಗೆದುಕೊಂಡು ಕೂತು ಲೆಕ್ಕ ಹಾಕಿದೆ. ಕೋಡು ಸರಿಯಾಗಿಯೇ ಇತ್ತು.

ಈ ಲೆಕ್ಕದಲ್ಲಿ 0 ಅಂದರೆ ಕ್ಲಾಸಿನ ಸರಾಸರಿ ಮಗು. ಪ್ರಶ್ನೆಗಳ ಕಷ್ಟವೂ ಇದೇ ಅಳತೆಯಲ್ಲಿರುತ್ತದೆ. ನನ್ನ ಗೆಳೆಯರೊಬ್ಬರು ಮೇಷ್ಟ್ರು. ಅವರ ಕ್ಲಾಸುಗಳಲ್ಲಿ ಎಷ್ಟು ಮಕ್ಕಳು ಯಾವ ಪ್ರಶ್ನೆಗೆ ಸರಿ ಉತ್ತರ ಬರೆದರು ಅನ್ನುವುದನ್ನು ನೋಡಿ ಪ್ರತಿ ಪ್ರಶ್ನೆಗೂ ಒಂದು ಕಷ್ಟದ ಅಂಕಿ ಕೊಟ್ಟೆ. ಅಕ್ಕನ ಮಗಳಿಗೆ ಬಂದ ಮೂರು ಪ್ರಶ್ನೆಗಳ ಕಷ್ಟ 0, 0.3, 0.5. ಪ್ರತಿ ಸಲವೂ ಆಗಿನ ಅಂದಾಜಿಗೆ ಹತ್ತಿರ ಇರುವ ಪ್ರಶ್ನೆಯನ್ನೇ ಪ್ರೋಗ್ರಾಂ ಆರಿಸುತ್ತದೆ.

ಅಂದಾಜು ಕಟ್ಟುವ ಭಾಗ ಇಷ್ಟೇ, ಇದರಲ್ಲಿ `t` ಅಂದರೆ ಸಾಮರ್ಥ್ಯ, `b` ಅಂದರೆ ಪ್ರಶ್ನೆಯ ಕಷ್ಟ, `p` ಅಂದರೆ ಉತ್ತರ ಸರಿಯಾಗುವ ಸಾಧ್ಯತೆ:

```python
from math import exp, log

def p(t, b, c=0.25):
    return c + (1 - c) / (1 + exp(b - t))

def estimate(ans):          # ans: [(b, 1 or 0), ...]
    def score(t):
        return -t*t/2 + sum(
            log(p(t, b) if x else 1 - p(t, b)) for b, x in ans)
    return max((i/100 for i in range(-400, 401)), key=score)
```

ಸರಿ ಉತ್ತರಕ್ಕೆ ಇಷ್ಟು ಕೂಡು, ತಪ್ಪಿಗೆ ಇಷ್ಟು ಕಳೆ ಅನ್ನುವ ಸಾಲು ಇದರಲ್ಲಿ ಎಲ್ಲೂ ಇಲ್ಲ. ಪ್ರತಿ ಉತ್ತರ ಬಂದಾಗಲೂ ಅಲ್ಲಿಯವರೆಗಿನ ಎಲ್ಲಾ ಉತ್ತರಗಳನ್ನೂ ಮತ್ತೆ ಮೊದಲಿನಿಂದ ನೋಡುತ್ತದೆ. ಇಂಥ ಉತ್ತರಗಳು ಬರಬೇಕಾದರೆ ಸಾಮರ್ಥ್ಯ ಎಷ್ಟಿದ್ದರೆ ಹೆಚ್ಚು ಹೊಂದುತ್ತದೆ ಅಂತ ಹುಡುಕುತ್ತದೆ. `-t*t/2` ಅನ್ನುವುದು ಶುರುವಿನ ನಂಬಿಕೆ, ಅಂದರೆ ಹೆಚ್ಚಿನ ಮಕ್ಕಳು ಸರಾಸರಿಯ ಆಸುಪಾಸಿನಲ್ಲೇ ಇರುತ್ತಾರೆ ಅನ್ನುವುದು. ಹೋದ ತಿಂಗಳು ಇದು ಇರಲಿಲ್ಲ. ಆಗ ಮೊದಲ ಉತ್ತರ ಸರಿಯಾದ ಕೂಡಲೇ ಅಂದಾಜು ಸೀದಾ 4ಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಒಂದು ತಪ್ಪೂ ಇಲ್ಲದಿದ್ದರೆ ಮೇಲಿನಿಂದ ತಡೆಯುವುದಕ್ಕೆ ಏನೂ ಇರುವುದಿಲ್ಲ. 4 ನಾನು ಹಾಕಿದ ಗಡಿ ಅಷ್ಟೇ, ಇಲ್ಲದಿದ್ದರೆ ಅದು ಎಲ್ಲೂ ನಿಲ್ಲುತ್ತಿರಲಿಲ್ಲ.

ಈಗ ಏರಿಳಿತದ ವಿಷಯಕ್ಕೆ ಬರೋಣ. ಎಲ್ಲಾ ಇರುವುದು `c=0.25` ಅನ್ನುವಲ್ಲಿ. ನಾಲ್ಕು ಆಯ್ಕೆಯ ಪ್ರಶ್ನೆ, ಏನೂ ಗೊತ್ತಿಲ್ಲದವರೂ ಸುಮ್ನೆ ಒಂದನ್ನು ಒತ್ತಿದರೆ ನಾಲ್ಕರಲ್ಲಿ ಒಂದು ಸಲ ಸರಿಯಾಗುತ್ತದೆ.

ಒಂದೇ ಮಟ್ಟದ 80 ಮಕ್ಕಳು, ಅವರ ಮಟ್ಟಕ್ಕೆ ಸರಿಸಮನಾದ ಒಂದು ಪ್ರಶ್ನೆ ಅಂದುಕೊಳ್ಳಿ. 40 ಮಕ್ಕಳಿಗೆ ಗೊತ್ತಿದೆ, 40 ಮಕ್ಕಳಿಗೆ ಗೊತ್ತಿಲ್ಲ. ಗೊತ್ತಿಲ್ಲದ 40ರಲ್ಲಿ 10 ಮಕ್ಕಳಿಗೆ ಅದೃಷ್ಟ ಹೊಡೆಯುತ್ತದೆ. ಕೊನೆಗೆ 50 ಸರಿ, 30 ತಪ್ಪು. ಆ 50ರಲ್ಲಿ 10 ಬರೀ ಅದೃಷ್ಟದ್ದು. 30 ತಪ್ಪುಗಳಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ, ಮಾದರಿಯ ಪ್ರಕಾರ ಅಷ್ಟೂ ಮಕ್ಕಳಿಗೆ ಗೊತ್ತಿರಲಿಲ್ಲ. ಅಂದರೆ ಸರಿ ಉತ್ತರ ಕೊಡುವ ಸಾಕ್ಷಿ ಸ್ವಲ್ಪ ನೀರು ಬೆರೆಸಿದ್ದು, ತಪ್ಪು ಉತ್ತರದ್ದು ಗಟ್ಟಿ. ಅಂದಾಜು ಒಂಚೂರು ಸರಿದಾಗ ಒಂದು ಉತ್ತರದಿಂದ `score` ಎಷ್ಟು ಕಡಿದಾಗಿ ಬದಲಾಗುತ್ತದೆ ಅನ್ನುವುದನ್ನು ಆ ಉತ್ತರದ ಬಲ ಅನ್ನೋಣ. ಲೆಕ್ಕ ಹಾಕಿದರೆ ಸರಿ ಉತ್ತರ ಅಂದಾಜನ್ನು ಮೇಲಕ್ಕೆ 0.3ರಷ್ಟು ಬಲದಿಂದ ತಳ್ಳುತ್ತದೆ, ತಪ್ಪು ಉತ್ತರ ಕೆಳಕ್ಕೆ 0.5ರಷ್ಟು.

ಹಾಗಾದರೆ ಮಕ್ಕಳಿಗೆ ಮೋಸ ಆಗುವುದಿಲ್ಲವೇ? ಇಲ್ಲಿ ಲೆಕ್ಕ ಚೆನ್ನಾಗಿ ಕೂತುಕೊಳ್ಳುತ್ತದೆ. 50 ಸರಿಗಳಿಗೆ 0.3ರಂತೆ 15. 30 ತಪ್ಪುಗಳಿಗೆ 0.5ರಂತೆ 15. ಎರಡೂ ಸಮ! ಸಣ್ಣ ಏರಿಕೆ ಪದೇ ಪದೇ ಬರುತ್ತದೆ, ದೊಡ್ಡ ಇಳಿಕೆ ಅಪರೂಪಕ್ಕೆ. ಹಾಗಾಗಿ ಅಂದಾಜು ಸರಿಯಾದ ಜಾಗದಲ್ಲಿದ್ದರೆ ಒಟ್ಟಿನಲ್ಲಿ ಯಾವ ಕಡೆಗೂ ವಾಲುವುದಿಲ್ಲ. ಈ ಎರಡು 15 ನೋಡಿದಾಗ ಆದ ಖುಷಿ ಹೇಳತೀರದು.

ಊಹೆಯನ್ನು ಲೆಕ್ಕಕ್ಕೆ ಹಿಡಿಯದ ಮಾದರಿಯಲ್ಲಿ, ಮಟ್ಟಕ್ಕೆ ಸರಿಸಮನಾದ ಪ್ರಶ್ನೆಗೆ ಏರಿಕೆ ಇಳಿಕೆ ಎರಡೂ ಸಮ. ಡೆನ್ಮಾರ್ಕಿನ ಜಾರ್ಜ್ ರಾಶ್ 1960ರಲ್ಲಿ ಪ್ರಕಟಿಸಿದ್ದು ಅಂಥದ್ದು. ನಾನೂ ಮೊದಲು ಅದನ್ನೇ ಹಾಕಿದ್ದೆ. ಅದರಲ್ಲಿ ಮೊದಲ ಪ್ರಶ್ನೆ ಸರಿಯಾದರೆ 0.40, ತಪ್ಪಾದರೆ ಮೈನಸ್ 0.40. ನೋಡಲು ನ್ಯಾಯವಾಗಿದೆ. ಆದರೆ ತನಗಿಂತ 2 ಅಂಕಿ ಮೇಲಿನ ಕಷ್ಟದ ಪ್ರಶ್ನೆಯನ್ನು ಮಗು ಕಣ್ಣು ಮುಚ್ಚಿ ಒತ್ತಿ ಸರಿ ಮಾಡಿದರೆ ಅದು 0.88ರ ಬಲದಿಂದ ಮೇಲಕ್ಕೆ ತಳ್ಳುತ್ತದೆ. ನಿಜವಾಗಿ ಅಂಥ 100 ಮಕ್ಕಳಲ್ಲಿ 12 ಮಕ್ಕಳಿಗೆ ಗೊತ್ತಿರುತ್ತದೆ, ಉಳಿದ 88ರಲ್ಲಿ 22 ಊಹೆಯಿಂದ ಸರಿಯಾಗುತ್ತದೆ. ಆ ಸರಿ ಉತ್ತರ ಅದೃಷ್ಟದ್ದೇ ಆಗಿರುವ ಸಾಧ್ಯತೆ ಜಾಸ್ತಿ. `c` ಹಾಕಿದ ಮೇಲೆ ಅದೇ ಉತ್ತರದ ಬಲ 0.23ಕ್ಕೆ ಇಳಿಯಿತು.

ಇನ್ನೊಂದು ಮಾತು. ಬಲ ಅಷ್ಟೇ ಇದ್ದರೂ ಅಂದಾಜು ಇಡುವ ಹೆಜ್ಜೆ ಪ್ರಶ್ನೆಯಿಂದ ಪ್ರಶ್ನೆಗೆ ಚಿಕ್ಕದಾಗುತ್ತದೆ, ಯಾಕೆಂದರೆ ಹಿಂದಿನ ಉತ್ತರಗಳೆಲ್ಲ ಅಂದಾಜನ್ನು ಹಿಡಿದುಕೊಂಡಿರುತ್ತವೆ. 20 ಪ್ರಶ್ನೆ ಆದಮೇಲೆ ಒಂದು ಸರಿಗೆ ಸುಮಾರು 0.08 ಏರಿಕೆ, ಒಂದು ತಪ್ಪಿಗೆ ಸುಮಾರು 0.12 ಇಳಿಕೆ. ಅಷ್ಟೊತ್ತಿಗೆ ಅಂದಾಜು ನಿಜಕ್ಕಿಂತ ಎಷ್ಟು ಆಚೀಚೆ ಇರಬಹುದು ಅನ್ನುವ ಅಳತೆ 1ರಿಂದ ಸುಮಾರು 0.5ಕ್ಕೆ ಬಂದಿರುತ್ತದೆ. ಊಹೆಗೆ ಜಾಗವೇ ಇಲ್ಲದ ಪ್ರಶ್ನೆಗಳಾದರೆ ಇದೇ 0.5ಕ್ಕೆ 12 ಪ್ರಶ್ನೆ ಸಾಕು. ನಾಲ್ಕು ಆಯ್ಕೆ ಕೊಟ್ಟಿದ್ದಕ್ಕೆ ಎಂಟು ಪ್ರಶ್ನೆ ಜಾಸ್ತಿ ಕೇಳಬೇಕಾಯಿತು.

ಬಗೆಹರಿಯದ್ದು ಕೈತಪ್ಪಿನ ವಿಷಯ. ಗುರುವಾರ ಅಕ್ಕನ ಮಗಳಿಗೆ 1/2 + 1/4 ಬಂತು. ಅವಳ ಮಟ್ಟಕ್ಕಿಂತ 2 ಅಂಕಿ ಕೆಳಗಿನ ಪ್ರಶ್ನೆ, ಅವಳ ಮಟ್ಟದ ಪ್ರಶ್ನೆಗಳು ಖಾಲಿಯಾಗಿದ್ದರಿಂದ ಪ್ರೋಗ್ರಾಂ ಅದನ್ನು ತೆಗೆದಿತ್ತು. ಬಾಯಲ್ಲಿ "ಮುಕ್ಕಾಲು" ಅಂದಳು, ಬೆರಳು ಪಕ್ಕದ 2/6 ಮೇಲೆ ಬಿತ್ತು. ತಪ್ಪುಗಳೆಲ್ಲ ಗಟ್ಟಿ ಸಾಕ್ಷಿ ಅಂತ ಮಾದರಿ ನಂಬಿದೆಯಲ್ಲ, 0.88ರ ಬಲದಿಂದ ಕೆಳಕ್ಕೆ ತಳ್ಳಿತು. ಗೊತ್ತಿದ್ದವರೂ 100ಕ್ಕೆ 5 ಸಲ ಎಡವಬಹುದು ಅಂತ ಉತ್ತರ ಸರಿಯಾಗುವ ಸಾಧ್ಯತೆಯ ಮೇಲಿನ ಮಿತಿಯನ್ನು 1ರ ಬದಲು 0.95 ಮಾಡಿ ನೋಡಿದೆ, ಆ ಬಲ 0.55ಕ್ಕೆ ಬಂತು. ಆದರೆ 0.95 ನಾನು ಕೈಯಾರೆ ಇಟ್ಟ ಅಂಕಿ, ಅದನ್ನು ಉತ್ತರಗಳಿಂದಲೇ ಅಂದಾಜು ಮಾಡಬೇಕಾದರೆ ಒಂದೊಂದು ಪ್ರಶ್ನೆಗೂ ನೂರಾರು ಮಕ್ಕಳ ಉತ್ತರ ಬೇಕು. ಸದ್ಯಕ್ಕೆ ಬಟನ್‌ಗಳ ನಡುವೆ ಜಾಗ ಬಿಟ್ಟು, ಒತ್ತಿದ ಮೇಲೆ ಇನ್ನೊಮ್ಮೆ ಖಚಿತ ಮಾಡುವ ಹಾಗೆ ಮಾಡಿದ್ದೇನೆ.

ಜೊತೆಗೆ 30 ಪ್ರಶ್ನೆಗಳಿಂದ ಆಯ್ಕೆಗಳನ್ನು ತೆಗೆದು, ಉತ್ತರವನ್ನು ಟೈಪ್ ಮಾಡುವ ಪೆಟ್ಟಿಗೆ ಇಟ್ಟಿದ್ದೇನೆ. ಅವಕ್ಕೆ `c=0`. ಆಯ್ಕೆ ಹೋದಮೇಲೆ ಪ್ರಶ್ನೆಯ ಕಷ್ಟವೇ ಬದಲಾಗುತ್ತದೆ, ಹಳೆಯ ಅಂಕಿ ನಡೆಯುವುದಿಲ್ಲ. ಹಾಗಾಗಿ ಆ 30 ಪ್ರಶ್ನೆಗಳನ್ನು ಪ್ರಿಂಟ್ ತೆಗೆದು ಮೇಷ್ಟ್ರಿಗೆ ಕೊಟ್ಟು ಬಂದೆ. ಸೋಮವಾರ ಮಕ್ಕಳಿಂದ ಬರೆಸುತ್ತೇನೆ ಅಂದಿದ್ದಾರೆ.