ಬೈಬ್ಯಾಕ್ ಒಳ್ಳೇದಾ, ಡಿವಿಡೆಂಡ್ ಒಳ್ಳೇದಾ?

"ಡಿವಿಡೆಂಡ್ ಕೊಟ್ಟ ದಿನ ಷೇರಿನ ಬೆಲೆ ಬಿದ್ದುಹೋಗುತ್ತೆ. ಬೈಬ್ಯಾಕ್ ಮಾಡಿದ್ರೆ ಷೇರು ಕಮ್ಮಿಯಾಗಿ ಬೆಲೆ ಏರುತ್ತೆ. ಹಾಗಿದ್ಮೇಲೆ ಬೈಬ್ಯಾಕೇ ನಮಗೆ ಲಾಭ ಅಲ್ವಾ ಸಾರ್?"

ಅಲ್ಲ. ಡಿವಿಡೆಂಡ್ ಅಂದರೆ ಕಂಪನಿ ಷೇರುದಾರರಿಗೆ ಹಂಚುವ ದುಡ್ಡು, ಬೈಬ್ಯಾಕ್ ಅಂದರೆ ಕಂಪನಿ ತನ್ನದೇ ಷೇರುಗಳನ್ನು ವಾಪಸ್ ಕೊಳ್ಳುವುದು. ತೆರಿಗೆ, ಬ್ರೋಕರ್ ಕಮಿಷನ್ ಯಾವುದೂ ಇಲ್ಲ, ಕಂಪನಿಯ ಬಗ್ಗೆ ಎಲ್ಲರಿಗೂ ಒಂದೇ ಮಾಹಿತಿ ಇದೆ, ಷೇರು ಸರಿಯಾದ ಬೆಲೆಗೇ ಸಿಗುತ್ತಿದೆ ಅಂತ ಇಟ್ಟುಕೊಂಡರೆ ಎರಡೂ ಒಂದೇ. ಬಲಗಡೆ ಜೇಬಿನ ದುಡ್ಡು ಎಡಗಡೆ ಜೇಬಿಗೆ ಹೋದ ಹಾಗೆ. 1961ರಲ್ಲಿ ಮರ್ಟನ್ ಮಿಲ್ಲರ್ ಮತ್ತು ಫ್ರಾಂಕೊ ಮೊಡಿಗ್ಲಿಯಾನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇಂಥ ಮಾರುಕಟ್ಟೆಯಲ್ಲಿ ಡಿವಿಡೆಂಡ್ ಎಷ್ಟು ಕೊಟ್ಟರೂ ಷೇರುದಾರರ ಒಟ್ಟು ಆಸ್ತಿ ಬದಲಾಗುವುದಿಲ್ಲ ಎಂದು ತೋರಿಸಿದರು. ಅವರ ಸೂತ್ರ ಬೇಡ, ಒಂದು ಚಿಕ್ಕ ಕಂಪನಿಯ ಲೆಕ್ಕ ಸಾಕು.

ಕಂಪನಿಗೆ 1,000 ಷೇರುಗಳಿವೆ. ಅದರ ವ್ಯವಹಾರದ ಬೆಲೆ 80,000 ರೂಪಾಯಿ, ಬ್ಯಾಂಕಿನಲ್ಲಿ ಸುಮ್ನೆ ಕೂತಿರುವ ನಗದು 20,000. ಒಟ್ಟು 1 ಲಕ್ಷ, ಅಂದರೆ ಷೇರಿಗೆ 100 ರೂಪಾಯಿ. ನಿಮ್ಮ ಹತ್ತಿರ 100 ಷೇರುಗಳಿವೆ. ಕಂಪನಿ 10,000 ರೂಪಾಯಿ ಹೊರಗೆ ಕೊಡಲು ನಿರ್ಧರಿಸುತ್ತದೆ.

ಮೊದಲು ಡಿವಿಡೆಂಡ್ ನೋಡೋಣ. ಷೇರಿಗೆ 10 ರೂಪಾಯಿಯಂತೆ ನಿಮಗೆ 1,000 ಬರುತ್ತದೆ. ಕಂಪನಿಯಲ್ಲಿ ಉಳಿದದ್ದು 90,000, ಷೇರುಗಳು ಅಷ್ಟೇ 1,000. ಹಾಗಾಗಿ ಬೆಲೆ 90 ಆಗುತ್ತದೆ. ಎಕ್ಸ್-ಡಿವಿಡೆಂಡ್ ದಿನ, ಅಂದರೆ ಕೊಂಡವರಿಗೆ ಆ ಡಿವಿಡೆಂಡ್ ಸಿಗದ ಮೊದಲ ದಿನ, ಬೆಲೆ ಬಿತ್ತು ಅಂತ ಜನ ಗೊಣಗುವುದು ಇದಕ್ಕೇ. ಆದರೆ ನಿಮ್ಮ ಷೇರುಗಳ ಬೆಲೆ 9,000, ಕೈಯಲ್ಲಿ 1,000. ಒಟ್ಟು 10,000, ಮೊದಲಿದ್ದಷ್ಟೇ.

ಈಗ ಬೈಬ್ಯಾಕ್. ಕಂಪನಿ ಅದೇ 10,000 ರೂಪಾಯಿಗೆ 100ರ ಬೆಲೆಯಲ್ಲಿ 100 ಷೇರುಗಳನ್ನು ಕೊಂಡು ರದ್ದು ಮಾಡುತ್ತದೆ. ಕಂಪನಿಯಲ್ಲಿ ಉಳಿದದ್ದು ಈಗಲೂ 90,000, ಆದರೆ ಷೇರುಗಳು 900. ಭಾಗಿಸಿದರೆ 100. ಗಮನಿಸಿ, ಬೆಲೆ ಏರಲಿಲ್ಲ. ಇದ್ದಲ್ಲೇ ಇತ್ತು. ಡಿವಿಡೆಂಡ್ ಕೊಟ್ಟಾಗ ಬೀಳುವ ಬೆಲೆಯ ಪಕ್ಕದಲ್ಲಿಟ್ಟು ನೋಡುವುದರಿಂದ ಏರಿದ ಹಾಗೆ ಕಾಣುತ್ತದೆ, ಅಷ್ಟೇ. ನೀವು 10 ಷೇರು ಮಾರಿದ್ದರೆ 1,000 ನಗದು, 9,000ದ ಷೇರು. ಮಾರದೇ ಇದ್ದರೆ 10,000ದ ಷೇರು.

"ಮಾರದೇ ಇದ್ದವನ ಪಾಲು ಹೆಚ್ಚಾಯಿತಲ್ಲ?" ಅಂತ ಇಲ್ಲಿ ಯಾರಾದರೂ ತಡೆಯುತ್ತಾರೆ. ಹೌದು, ಮೊದಲು 1,000ದಲ್ಲಿ 100, ಅಂದರೆ 10 ಪರ್ಸೆಂಟ್. ಈಗ 900ರಲ್ಲಿ 100, ಅಂದರೆ 11.11 ಪರ್ಸೆಂಟ್. ಡಿವಿಡೆಂಡ್ ಪಡೆದವನೂ ಅದೇ ಪಾಲಿಗೆ ಬರಬಹುದು. ಬಂದ 1,000 ರೂಪಾಯಿಗೆ 90ರ ಬೆಲೆಯಲ್ಲಿ 11.11 ಷೇರು ಕೊಂಡರೆ ಅವನ ಹತ್ತಿರ 1,000ದಲ್ಲಿ 111.11 ಷೇರು. ಅದೂ 11.11 ಪರ್ಸೆಂಟೇ. ನಗದು ಬೇಕಾದವನು ಬೈಬ್ಯಾಕಿನಲ್ಲಿ ಸ್ವಲ್ಪ ಮಾರಿಕೊಳ್ಳುತ್ತಾನೆ, ಷೇರು ಬೇಕಾದವನು ಡಿವಿಡೆಂಡಿನಲ್ಲಿ ಕೊಂಡುಕೊಳ್ಳುತ್ತಾನೆ. ಕಂಪನಿ ಯಾವ ದಾರಿ ಹಿಡಿದರೂ ಇನ್ನೊಂದನ್ನು ಷೇರುದಾರ ಮನೆಯಲ್ಲೇ ಮಾಡಿಕೊಳ್ಳಬಹುದು. ಹಾಗಿರುವಾಗ ಕಂಪನಿಯ ಆಯ್ಕೆಗೆ ಯಾರೂ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ.

ಟಿವಿಯಲ್ಲಿ ಬರುವ ತಜ್ಞರ ನೆಚ್ಚಿನ ವಾದ ಇನ್ನೊಂದಿದೆ. ಬೈಬ್ಯಾಕಿನಿಂದ ಇಪಿಎಸ್, ಅಂದರೆ ಒಂದು ಷೇರಿಗೆ ಬರುವ ಲಾಭ, ಏರುತ್ತದೆ, ಆದ್ದರಿಂದ ಬೆಲೆಯೂ ಏರಬೇಕು. ನಮ್ಮ ಕಂಪನಿಯ ವ್ಯವಹಾರ ವರ್ಷಕ್ಕೆ 8,000 ಲಾಭ ತರುತ್ತದೆ ಅನ್ನಿ. ನಗದಿಗೆ ಬರುವ ಬಡ್ಡಿ ಬಿಟ್ಟುಬಿಡೋಣ. ಮೊದಲು ಷೇರಿಗೆ 8 ರೂಪಾಯಿ ಇದ್ದ ಲಾಭ ಬೈಬ್ಯಾಕ್ ಆದ ಮೇಲೆ 8.89 ಆಗುತ್ತದೆ. ನಿಜ. ಮೊದಲು ಬೆಲೆ ಲಾಭದ 12.5 ಪಟ್ಟು ಇತ್ತು. ಅದೇ 12.5ರಿಂದ 8.89ನ್ನು ಗುಣಿಸಿ "111 ಆಗಬೇಕು" ಅನ್ನುತ್ತಾರೆ. ತಪ್ಪಾಗುವುದು ಇಲ್ಲೇ. ಹಳೇ 100 ರೂಪಾಯಿಯಲ್ಲಿ 20 ರೂಪಾಯಿ ಬರೀ ನಗದು, ಲಾಭವನ್ನೇ ತರದ ದುಡ್ಡು. ಅದರಲ್ಲಿ ಅರ್ಧ ಹೊರಗೆ ಹೋಯಿತು. ಹಾಗಾಗಿ ಪಿಇ, ಅಂದರೆ ಬೆಲೆ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ, ಇಳಿಯಲೇಬೇಕು: 100ನ್ನು 8.89ರಿಂದ ಭಾಗಿಸಿದರೆ 11.25. ಡಿವಿಡೆಂಡ್ ಕೊಟ್ಟಿದ್ದರೆ? 90ನ್ನು 8ರಿಂದ ಭಾಗಿಸಿ. ಅದೂ 11.25. ಇಪಿಎಸ್ ಏರಿದ್ದನ್ನು ಮಾತ್ರ ಹೇಳಿ ಪಿಇ ಇಳಿದದ್ದನ್ನು ಹೇಳದವರ ಮಾತನ್ನು ನಾನು ಅಲ್ಲಿಗೇ ಬಿಡುತ್ತೇನೆ.

ಇಷ್ಟೆಲ್ಲ ಸಮ ಬರಲು ಕಂಪನಿ ಷೇರನ್ನು 100ಕ್ಕೇ ಕೊಳ್ಳಬೇಕು. 125 ಕೊಟ್ಟರೆ ಏನಾಗುತ್ತದೆ? 10,000 ರೂಪಾಯಿಗೆ 80 ಷೇರು ಮಾತ್ರ ಸಿಗುತ್ತದೆ. ಉಳಿದ 920 ಷೇರುಗಳಿಗೆ 90,000. ತಲಾ 97.83. ಮಾರಿದವರಿಗೆ ಷೇರಿಗೆ 25ರಂತೆ 2,000 ಲಾಭ. ಉಳಿದವರಿಗೆ ಷೇರಿಗೆ 2.17ರಂತೆ ಅದೇ 2,000 ನಷ್ಟ. ಒಟ್ಟು ಮೊತ್ತ ಬದಲಾಗಲಿಲ್ಲ, ಒಬ್ಬರ ದುಡ್ಡು ಇನ್ನೊಬ್ಬರಿಗೆ ಹೋಯಿತು. ಎಲ್ಲರೂ ತಮ್ಮ ಪಾಲಿಗೆ ತಕ್ಕಷ್ಟೇ ಮಾರಿದರೆ ಮಾತ್ರ ಈ ಸಾಗಾಟ ನಡೆಯುವುದಿಲ್ಲ. ಆಗ ಯಾವ ಬೆಲೆ ಇಟ್ಟರೂ ಅದು ಡಿವಿಡೆಂಡೇ.

ನಮ್ಮ ಬೆಂಗಳೂರಿನ ಇನ್ಫೋಸಿಸ್ 2025ರ ಸೆಪ್ಟೆಂಬರಿನಲ್ಲಿ ಘೋಷಿಸಿದ ಬೈಬ್ಯಾಕ್ ಹೀಗೆ ಮಾರುಕಟ್ಟೆಗಿಂತ ಹೆಚ್ಚು ಬೆಲೆ ಕೊಡುವಂಥದ್ದೇ. 18,000 ಕೋಟಿ ರೂಪಾಯಿಗೆ 10 ಕೋಟಿ ಷೇರು, ತಲಾ 1,800. ಆಗ ಮಾರುಕಟ್ಟೆಯಲ್ಲಿ ಷೇರು 1,500ರ ಆಸುಪಾಸಿನಲ್ಲಿತ್ತು. ಟೆಂಡರ್ ಮೂಲಕ, ಅಂದರೆ ನಿಗದಿತ ಬೆಲೆಗೆ ಷೇರುದಾರರಿಂದಲೇ ನೇರವಾಗಿ ಕೊಳ್ಳುವ ಬೈಬ್ಯಾಕ್ ಆದ್ದರಿಂದ ಷೇರುದಾರರಿಗೆಲ್ಲ ಮಾರುವ ಅವಕಾಶವಿತ್ತು. 15 ಪರ್ಸೆಂಟ್ ಭಾಗ ಸಣ್ಣ ಷೇರುದಾರರಿಗೆ, ಅಂದರೆ ಯಾರ ಹತ್ತಿರ ಎಷ್ಟು ಷೇರಿದೆ ಎಂದು ಕಂಪನಿ ಪಟ್ಟಿ ನೋಡುವ ರೆಕಾರ್ಡ್ ಡೇಟ್‌ನಂದು 2 ಲಕ್ಷ ರೂಪಾಯಿ ಮೀರದ ಬೆಲೆಯ ಷೇರು ಇದ್ದವರಿಗೆ, ಮೀಸಲು. ನಂದನ್ ನಿಲೇಕಣಿ, ಸುಧಾ ಮೂರ್ತಿ ಸೇರಿದಂತೆ ಪ್ರವರ್ತಕರು ತಾವು ಮಾರುವುದಿಲ್ಲ ಎಂದರು. ನಮ್ಮ ಚಿಕ್ಕ ಕಂಪನಿಯ ಲೆಕ್ಕದ ಪ್ರಕಾರ, ತೆರಿಗೆ ಇಲ್ಲದ ಲೋಕದಲ್ಲಿ, 1,800ಕ್ಕೆ ಮಾರದೆ ಉಳಿದವರು ಮಾರಿದವರಿಗೆ ಸ್ವಲ್ಪ ದುಡ್ಡು ಬಿಟ್ಟುಕೊಟ್ಟ ಹಾಗೆ.

ಆದರೆ ನಾವಿರುವುದು ತೆರಿಗೆ ಇರುವ ಲೋಕದಲ್ಲಿ. ಆ ಬೈಬ್ಯಾಕಿಗೆ ಅನ್ವಯಿಸಿದ್ದು 2024ರ ಅಕ್ಟೋಬರ್ 1ರಿಂದ ಬಂದ ನಿಯಮ. ಅದರ ಪ್ರಕಾರ ಬೈಬ್ಯಾಕಿನಿಂದ ಬಂದ ಇಡೀ ಹಣ ಡಿವಿಡೆಂಡ್ ಅಂತ ಲೆಕ್ಕವಾಗಿ ನಿಮ್ಮ ಸ್ಲ್ಯಾಬಿನಂತೆ ತೆರಿಗೆ ಬೀಳುತ್ತಿತ್ತು. ಷೇರಿಗೆ ನೀವು ಕೊಟ್ಟ ಬೆಲೆ ಬಂಡವಾಳ ನಷ್ಟ ಆಗುತ್ತಿತ್ತು, ಅದನ್ನು ಬೇರೆ ಬಂಡವಾಳ ಲಾಭದ ಎದುರು ಹೊಂದಿಸಿಕೊಳ್ಳಬಹುದಿತ್ತು. ಹಿಂದೆಂದೋ 1,000ಕ್ಕೆ ಕೊಂಡ ಒಂದು ಷೇರು ತೆಗೆದುಕೊಳ್ಳಿ. ನೀವು 30 ಪರ್ಸೆಂಟ್ ಸ್ಲ್ಯಾಬಿನಲ್ಲಿದ್ದರೆ 1,800ರಲ್ಲಿ 540 ತೆರಿಗೆ ಹೋಗಿ 1,260 ಉಳಿಯುತ್ತದೆ. ಆ 1,000ದ ನಷ್ಟವನ್ನು 12.5 ಪರ್ಸೆಂಟ್ ತೆರಿಗೆ ಬೀಳುವ ದೀರ್ಘಾವಧಿ ಲಾಭದ ಎದುರು ಬಳಸಿದರೆ 125 ಉಳಿತಾಯ. ಒಟ್ಟು 1,385. ಅದೇ ಷೇರನ್ನು ಮಾರುಕಟ್ಟೆಯಲ್ಲಿ 1,500ಕ್ಕೆ ಮಾರಿದ್ದರೆ 500 ಲಾಭದ ಮೇಲೆ 62.50 ತೆರಿಗೆ, ಕೈಗೆ 1,437.50. ಸೆಸ್, ಸರ್‌ಚಾರ್ಜ್ ನಾನು ಸೇರಿಸಿಲ್ಲ. 300 ರೂಪಾಯಿ ಜಾಸ್ತಿ ಕೊಡುವ ಬೈಬ್ಯಾಕ್ 30 ಪರ್ಸೆಂಟ್ ಸ್ಲ್ಯಾಬಿನವರಿಗೆ ನಷ್ಟ! ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದಿದ್ದರೆ ಪೂರ್ತಿ 1,800 ಅವರದೇ.

ಹಾಗಾಗಿ ನನ್ನನ್ನು ಕೇಳುವವರಿಗೆ ನಾನು ತಿರುಗಿ ಕೇಳುವುದು ಮೂರೇ ವಿಷಯ. ಬೈಬ್ಯಾಕ್ ಬೆಲೆ ಮಾರುಕಟ್ಟೆ ಬೆಲೆಗಿಂತ ಎಷ್ಟು ಮೇಲಿದೆ, ನಿಮ್ಮ ಸ್ಲ್ಯಾಬ್ ಯಾವುದು, ಆ ವರ್ಷದ ತೆರಿಗೆ ನಿಯಮ ಏನು. ಷೇರಿನ ಸಂಖ್ಯೆ ಕಮ್ಮಿಯಾಗುತ್ತೆ ಅನ್ನುವುದು ಈ ಪಟ್ಟಿಯಲ್ಲಿ ಇಲ್ಲ.