ಮೋಟಾರ್ ಆನ್ ಇಲ್ಲ, ಆನ್ ಆಗಿಲ್ಲ: ನೀರಿನ ಬೋರ್ಡಿನ ಮೂರನೇ ಕಂತು

ಮೋಟಾರ್, ಟ್ಯಾಂಕ್ ಹೇಗಿದೆ ಅಂತ ಕನ್ನಡದಲ್ಲಿ ಬರೆದು ತೋರಿಸೋ ನಮ್ಮ ಕಟ್ಟಡದ ಬೋರ್ಡ್ ಕೊನೆಗೂ ಸರಿಯಾಗಿ ಮಾತಾಡ್ತಿದೆ. ಸೆನ್ಸರ್ ಕೂರಿಸಿದ್ದು, ರಿಲೇ ಕೊಟ್ಟಿದ್ದು, ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದ್ದು ನಿಮಗೆಲ್ಲ ಗೊತ್ತಿರೋ ಕೆಲಸ, ಅದನ್ನು ಬಿಡ್ತೀನಿ. ನನ್ನ ಮೂರು ವಾರ ತಿಂದದ್ದು ‘ಇಲ್ಲ’ ಮತ್ತು ‘ಆಗಿಲ್ಲ’ ಅನ್ನೋ ಎರಡು ಮಾತು.

ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ ಆರು ಮನೆಯ ಕಟ್ಟಡ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಒಂದೇ ಮೋಟಾರ್. ಯಾರು ಹಾಕಿದರು, ಯಾರು ಆರಿಸಲಿಲ್ಲ ಅನ್ನೋ ಜಗಳ ನಿಲ್ಲಲಿ ಅಂತ ಮೆಟ್ಟಿಲ ಪಕ್ಕ ಈ ಬೋರ್ಡ್ ಹಾಕಿದೆ. ಚಿಪ್ಪಿನಲ್ಲಿ ನಾನು ಬಳಸೋ ಲೈಬ್ರರಿಗೆ ಕನ್ನಡದ ಒತ್ತಕ್ಷರ ಜೋಡಿಸೋಕೆ ಬರಲ್ಲ, ‘ಇಲ್ಲ’ದ ಒತ್ತು ಪಕ್ಕಕ್ಕೆ ಉದುರಿಬಿಡುತ್ತೆ. ಹಾಗಾಗಿ ಒಂದೊಂದು ವಾಕ್ಯವನ್ನೂ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತುಂಬಿಸಬೇಕು. ಹದಿನಾರು ಚುಕ್ಕೆ ಎತ್ತರದಲ್ಲಿ ಒತ್ತಿಗೂ ಜಾಗ ಉಳಿಸಿ ಬರೆಯೋದು ಒಂದು ವಾಕ್ಯಕ್ಕೆ ಒಂದು ಸಂಜೆ. ಅದಕ್ಕೇ ಮೊದಲು ಎರಡೇ ಮಾಡಿಟ್ಟುಕೊಂಡೆ: ‘ಮೋಟಾರ್ ಆನ್ ಆಗಿದೆ’, ‘ಮೋಟಾರ್ ಆನ್ ಆಗಿಲ್ಲ’.

ಹಾಕಿದ ಎರಡನೇ ದಿನ ಬೆಳಿಗ್ಗೆ ನಾನು ಆಫೀಸಿನಲ್ಲಿದ್ದೆ. ಟ್ಯಾಂಕ್ ತುಂಬಿತ್ತು, ಮೋಟಾರ್ ಸುಮ್ಮನೆ ನಿಂತಿತ್ತು, ಬೋರ್ಡಿನಲ್ಲಿ ‘ಮೋಟಾರ್ ಆನ್ ಆಗಿಲ್ಲ’. ಕೆಳಮನೆ ಆಂಟಿ ಅದನ್ನು ಓದಿ ನೇರವಾಗಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು. ಅವನು ಬಂದು ಸ್ಟಾರ್ಟರ್ ಬಿಚ್ಚಿ, ನೋಡಿ, ಮುಚ್ಚಿ, 300 ರೂಪಾಯಿ ತಗೊಂಡು ಹೋದ. ಸಂಜೆ ನಾನು ಕೇಳಿದ್ದಕ್ಕೆ ಆಂಟಿ ಹೇಳಿದ್ದು ಇಷ್ಟು: “ಆನ್ ಆಗಿಲ್ಲ ಅಂತ ನೀನೇ ಬರೆದಿದ್ದೀಯಲ್ಲಪ್ಪ. ಸುಮ್ಮನೆ ಆಫ್ ಇದ್ದಿದ್ರೆ ಆನ್ ಇಲ್ಲ ಅಂತ ಬರೀಬೇಕಿತ್ತು.”

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ‘ಆನ್ ಇಲ್ಲ’ ಈಗಿನ ಸ್ಥಿತಿಯನ್ನಷ್ಟೇ ಹೇಳುತ್ತೆ. ‘ಆನ್ ಆಗಿಲ್ಲ’ ಅಂದಾಗ ಆಗಬೇಕಿತ್ತು, ಯಾರೋ ಕಾಯ್ತಿದ್ದರು, ಆದರೂ ಆಗಲಿಲ್ಲ ಅನ್ನೋದೆಲ್ಲ ಆ ಒಂದು ‘ಆಗಿ’ಯೊಳಗೆ ಸೇರಿಕೊಂಡಿರುತ್ತೆ. ‘ಅಡುಗೆ ಇಲ್ಲ’ ಅಂದರೆ ಇವತ್ತು ಮಾಡೋ ಯೋಚನೆಯೇ ಇಲ್ಲದಿರಬಹುದು. ‘ಅಡುಗೆ ಆಗಿಲ್ಲ’ ಅಂದರೆ ಒಲೆ ಮೇಲೆ ಏನೋ ಇದೆ, ಸ್ವಲ್ಪ ಕೂತ್ಕೊಳ್ಳಿ ಅಂತ.

ಈ ವ್ಯತ್ಯಾಸ ತಲೆಗೆ ಹತ್ತಿದ ಮೇಲೆ ಬೀದಿಯೆಲ್ಲ ಅದೇ ಕಾಣೋಕೆ ಶುರುವಾಯ್ತು. ಎದುರುಮನೆ ಗೇಟಿಗೆ ‘ಮನೆ ಖಾಲಿ ಇದೆ’ ಅಂತ ಬೋರ್ಡ್ ನೇತುಹಾಕಿದ್ದಾರೆ. ನಮ್ಮಮ್ಮ ಒಳಗಿಂದ ‘ಗ್ಯಾಸ್ ಖಾಲಿ ಆಗಿದೆ’ ಅಂತ ಕೂಗ್ತಾರೆ. ಅದನ್ನು ಅದಲು ಬದಲು ಮಾಡಿ ನೋಡಿ. ‘ಮನೆ ಖಾಲಿ ಆಗಿದೆ’ ಅಂದರೆ ಇದ್ದವರು ಹೋದರು ಅನ್ನೋ ಸುದ್ದಿ ಆಗುತ್ತೆ, ಅದೂ ಸರಿಯೇ. ಆದರೆ ‘ಗ್ಯಾಸ್ ಖಾಲಿ ಇದೆ’ ಅಂತ ಯಾರೂ ಹೇಳಲ್ಲ. ‘ಸಿಲಿಂಡರ್ ಖಾಲಿ ಇದೆ’ ಅನ್ನಬಹುದು. ಪಾತ್ರೆ ಖಾಲಿ ಇರಬಹುದು, ಖಾಲಿ ಆಗಲೂಬಹುದು. ಒಳಗಿದ್ದ ವಸ್ತು ಖಾಲಿ ಆಗುತ್ತೆ ಅಷ್ಟೇ, ಖಾಲಿ ಇರೋಕೆ ಆಮೇಲೆ ಅದೇ ಉಳಿದಿರಲ್ಲ. ನನ್ನ ಪಟ್ಟಿಯಲ್ಲಿ ‘ನೀರು ಖಾಲಿ ಇದೆ’ ಅಂತ ಒಂದು ಚಿತ್ರ ತಯಾರಾಗಿ ಕೂತಿತ್ತು. ಅವತ್ತೇ ಅಳಿಸಿ ‘ಟ್ಯಾಂಕ್ ಖಾಲಿ ಇದೆ’ ಮಾಡಿದೆ.

ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರಿಗಂತೂ ಈ ಕ್ರಿಯಾಪದಗಳೆಲ್ಲ ನಾಲಿಗೆ ತುದಿಯಲ್ಲೇ ಇವೆ. ಇನ್ನೊಂದು ಪ್ಯಾನೆಲ್ ಬೇಕಿತ್ತು, ಫೋನ್ ಮಾಡಿದೆ. “ಇದೆ ಸಾರ್, ಬನ್ನಿ.” ಮೆಟ್ರೊ ಹತ್ತಿ, ಇಳಿದು, ಬಿಸಿಲಲ್ಲಿ ನಡೆದು ಹೋದೆ. “ಇತ್ತು ಸಾರ್, ಈಗ ತಾನೇ ಖಾಲಿ ಆಯ್ತು. ನಾಳೆ ಇರುತ್ತೆ.” ಮಾರನೇ ದಿನ: “ಬಂದಿಲ್ಲ ಸಾರ್.” ಇದೆ, ಇತ್ತು, ಆಯ್ತು, ಇರುತ್ತೆ, ಬಂದಿಲ್ಲ, ಎಲ್ಲ ಕಾಲವೂ ಆಯ್ತು, ಪ್ಯಾನೆಲ್ ಮಾತ್ರ ಇಲ್ಲ. ಹೋಗೋ ಮುಂಚೆ ‘ಇದೆಯಾ’ ಅಂತ ಕೇಳಬೇಡಿ, ‘ಕೈಯಲ್ಲಿ ಹಿಡಿದು ಫೋಟೋ ಕಳಿಸಿ’ ಅನ್ನಿ.

ಈಗ ನಿಜವಾದ ತೊಡಕಿಗೆ ಬರ್ತೀನಿ. ಸೆನ್ಸರ್‌ಗೆ ಗೊತ್ತಿರೋದು ಈ ಕ್ಷಣ ಮೋಟಾರಿಗೆ ಕರೆಂಟ್ ಹರೀತಿದೆಯೋ ಇಲ್ಲವೋ ಅಷ್ಟೇ. ಅದರಿಂದ ‘ಆನ್ ಇದೆ’, ‘ಆನ್ ಇಲ್ಲ’ ಎರಡನ್ನೂ ಧೈರ್ಯವಾಗಿ ಹೇಳಬಹುದು. ‘ಆನ್ ಆಗಿದೆ’ ಅನ್ನೋಕೆ ಬದಲಾವಣೆಯನ್ನು ಬೋರ್ಡ್ ಕಣ್ಣಾರೆ ನೋಡಿರಬೇಕು. ನನ್ನ ಹಳೆಯ ಪ್ರೋಗ್ರಾಮಿನಲ್ಲಿ ಕರೆಂಟ್ ಹೋಗಿ ಬಂದ ಕೂಡಲೇ, ಏನನ್ನೂ ನೋಡದೆಯೇ, ‘ಟ್ಯಾಂಕ್ ಖಾಲಿ ಆಗಿದೆ’ ಅಂತ ಬರ್ತಿತ್ತು. ಟ್ಯಾಂಕ್ ಬೆಳಿಗ್ಗೆಯಿಂದಲೂ ಖಾಲಿಯೇ ಇತ್ತು, ಓದಿದವರು ಈಗ ತಾನೇ ಏನೋ ಸೋರಿತು ಅಂದುಕೊಂಡು ಟೆರೇಸಿಗೆ ಓಡಿದರು. ಹಾಗಾಗಿ ಬದಲಾವಣೆ ಕಂಡ ಮೇಲೆ ಹತ್ತು ನಿಮಿಷ ಮಾತ್ರ ‘ಆಗಿದೆ’, ಆಮೇಲೆ ತಾನಾಗೇ ‘ಇದೆ’:

```
if (on != prevOn) {
  changedAt = millis();
  seen = true;
  prevOn = on;
}
bool fresh = seen && (millis() - changedAt < 600000UL);
```

ಶುರುವಿನಲ್ಲಿ `prevOn`ಗೆ ಮೊದಲ ರೀಡಿಂಗನ್ನೇ ಕೊಡಿ, `seen` ಅನ್ನು `false` ಇಡಿ. ಮರೆತರೆ ಬೋರ್ಡ್ ಎದ್ದ ಕೂಡಲೇ ನೋಡದ ಬದಲಾವಣೆಗೆ ಸಾಕ್ಷಿ ಹೇಳುತ್ತೆ.

‘ಆಗಿಲ್ಲ’ಕ್ಕೆ ಇದೂ ಸಾಲದು, ಆಗಬೇಕಿತ್ತು ಅನ್ನೋದೂ ಗೊತ್ತಿರಬೇಕು. ಅದಕ್ಕೆ ರಿಲೇ ಎಳೆದು ಮೂವತ್ತು ಸೆಕೆಂಡ್ ಕಳೆದರೂ ಮೋಟಾರಿನ ತಂತಿಯಲ್ಲಿ ಕರೆಂಟ್ ಕಾಣದಿದ್ದರೆ ಮಾತ್ರ ‘ಮೋಟಾರ್ ಆನ್ ಆಗಿಲ್ಲ’ ಬರುವ ಹಾಗೆ ಮಾಡಿದೆ. ಪರೀಕ್ಷೆಗೆ ಮೋಟಾರಿನ ಮೇನ್ ಸ್ವಿಚ್ ಇಳಿಸಿಟ್ಟು ರಿಲೇ ಎಳೆದೆ. ಮೂವತ್ತೊಂದನೇ ಸೆಕೆಂಡಿಗೆ ಬಂತು. ಆಂಟಿ ಹೊರಗೆ ಬಂದು ಓದಿ, “ಈಗ ಕರೆಸಲಾ ಅವನನ್ನ?” ಅಂದರು. ಖುಷಿಯಾಯ್ತು.

ಒಂದು ಕಡೆ ಈ ಉಪಾಯ ನಡೆಯಲಿಲ್ಲ. ಟ್ಯಾಂಕ್ ತೊಳೆಸಿದ ದಿನ ‘ಟ್ಯಾಂಕ್ ಕ್ಲೀನ್ ಆಗಿದೆ’ ಅಂತ ಹಾಕಿದೆ. ಮೂರನೇ ಮಹಡಿಯವರು ತೊಳೆದದ್ದು ಮುಗಿದಿದೆ ಅಂತ ಓದಿಕೊಂಡರು, ಆಂಟಿ ನೀರು ಚೆನ್ನಾಗಿದೆ, ಕುಡಿಯಬಹುದು ಅಂತ. ಎರಡೂ ಅರ್ಥ ಅದರಲ್ಲಿ ಇದೆ, ಯಾಕಂದರೆ ‘ಊಟ ಆಗಿದೆ’ಯಲ್ಲಿರೋ ‘ಆಗಿ’ ನಡೆದು ಮುಗಿದದ್ದನ್ನು ಹೇಳುತ್ತೆ, ‘ಚೆನ್ನಾಗಿದೆ’ಯಲ್ಲಿರೋ ‘ಆಗಿ’ ಹೇಗಿದೆ ಅನ್ನೋದನ್ನಷ್ಟೇ ಹೇಳುತ್ತೆ. ಬೇರೆ ಮಾಡಿ ನೋಡಬೇಕಿದ್ದರೆ ‘ಆಯ್ತು’ ಹಾಕಿ. ‘ಊಟ ಆಯ್ತು’ ಅಂದರೆ ಊಟ ಮುಗೀತು, ಅರ್ಥ ಕೆಡಲಿಲ್ಲ. ‘ಸಿನಿಮಾ ಚೆನ್ನಾಯ್ತು’ ಅಂತ ಯಾರೂ ಹೇಳಲ್ಲ, ಚೆನ್ನಾಗಿತ್ತು ಅಂತಲೇ ಹೇಳಬೇಕು. ‘ಕ್ಲೀನ್ ಆಯ್ತು’ ಅಂದಾಗ ತೊಳೆದ ಅರ್ಥ ಮಾತ್ರ ಉಳೀತು. ಅದನ್ನೇ ಹಾಕಿದೆ.

ಮುಂದಿನದು ಕರೆಂಟಿನ ಬೋರ್ಡ್, ಪ್ಯಾನೆಲ್ ಸಿಕ್ಕರೆ. ಅಲ್ಲಿ ‘ನಾಳೆ ಕರೆಂಟ್ ಇಲ್ಲ’ ಮತ್ತು ‘ನಾಳೆ ಕರೆಂಟ್ ಇರಲ್ಲ’ ಎರಡನ್ನೂ ಜನ ಹೇಳ್ತಾರೆ. ಹೇಳೋರಿಗೆ ಎಷ್ಟು ಖಾತ್ರಿ ಇದ್ದಾಗ ‘ಇಲ್ಲ’ ಅಂತಾರೆ ಅಂತ ಈ ವಾರ ಕೇಳಿಸಿಕೊಂಡು ಬರೆದಿಟ್ಟುಕೊಳ್ತಿದ್ದೀನಿ. ಮೊದಲು ಮಾತ್ರ ಅರ್ಧ ಟ್ಯಾಂಕಿನ ಚಿತ್ರ ಬದಲಿಸಬೇಕು. ‘ಟ್ಯಾಂಕ್ ತುಂಬಿಲ್ಲ’ ಅಂತ ಇದೆ, ಅದನ್ನು ಓದಿದವರೆಲ್ಲ ಮೋಟಾರ್ ಹಾಕ್ತಿದ್ದಾರೆ. ‘ಅರ್ಧ ಟ್ಯಾಂಕ್ ನೀರು ಇದೆ’ ಅಂತ ಇವತ್ತು ಸಂಜೆ ಬರೀತೀನಿ.